ರೂಟರ್ ಮಿನಿ ಯುಪಿಎಸ್

ಮನೆಯ ಫೈಬರ್ ಬಾಕ್ಸ್ ಮತ್ತು ವೈಫೈ ರೂಟರ್‌ಗೆ ಕರೆಂಟ್ ತಪ್ಪದಂತೆ ನೋಡಿಕೊಳ್ಳುವ, ಅಂಗೈಯಗಲದ ಲಿಥಿಯಂ ಬ್ಯಾಟರಿ ಪೆಟ್ಟಿಗೆ. ಅಡಾಪ್ಟರ್ ಮತ್ತು ರೂಟರ್ ನಡುವೆ ಇದನ್ನು ಜೋಡಿಸುತ್ತಾರೆ. ದೊಡ್ಡ ಇನ್ವರ್ಟರ್ ಬ್ಯಾಟರಿಯ ವಿದ್ಯುತ್ತನ್ನು 230 ವೋಲ್ಟ್ ಎಸಿಗೆ ಏರಿಸುತ್ತದೆ, ಅಡಾಪ್ಟರ್ ಅದನ್ನು ಮತ್ತೆ ಇಳಿಸುತ್ತದೆ. ಮಿನಿ ಯುಪಿಎಸ್‌ನಲ್ಲಿ ಈ ಸುತ್ತು ಇಲ್ಲ. ರೂಟರ್‌ಗೆ ಬೇಕಾದ 12 ವೋಲ್ಟ್ ಡಿಸಿಯನ್ನೇ ಅದು ನೇರವಾಗಿ ಕೊಡುತ್ತದೆ.

ಗಂಟೆಗಟ್ಟಲೆ ಕರೆಂಟ್ ಹೋದಾಗ ಇದು ಉಪಯೋಗಕ್ಕೆ ಬರುತ್ತದೆ, ಆದರೆ ಇದರ ನಿಜವಾದ ಬೆಲೆ ತಿಳಿಯುವುದು ಕಣ್ಣು ಮಿಟುಕಿಸುವಷ್ಟು ಹೊತ್ತಿನ ಕಡಿತದಲ್ಲಿ. ಅಡಾಪ್ಟರ್‌ನೊಳಗಿನ ಕೆಪಾಸಿಟರ್ ಹಿಡಿದಿಟ್ಟುಕೊಳ್ಳುವ ವಿದ್ಯುತ್ತು ಸೆಕೆಂಡಿನ ಸಣ್ಣ ಭಾಗಕ್ಕಷ್ಟೇ ಸಾಕು. ಲೈನಿಗೆ ಕೊಂಬೆ ತಾಗಿ ಅರ್ಧ ಸೆಕೆಂಡ್ ಕರೆಂಟ್ ಹೋದರೆ ಫ್ಯಾನಿನ ವೇಗ ತುಸು ತಗ್ಗಿ ಮತ್ತೆ ಏರುತ್ತದೆ, ರೂಟರ್ ಮಾತ್ರ ಪೂರ್ತಿ ಆರಿ ಹೊಸದಾಗಿ ಶುರುವಾಗುತ್ತದೆ. ಫೈಬರ್ ಬಾಕ್ಸ್ ತನ್ನ ತಂತ್ರಾಂಶವನ್ನು ತೆರೆದುಕೊಂಡು, ಆಪರೇಟರ್ ಕಡೆಯ ಯಂತ್ರದಲ್ಲಿ ತನ್ನನ್ನು ನೋಂದಾಯಿಸಿಕೊಂಡು, ಆಮೇಲೆ ಲಾಗಿನ್ ಆಗಬೇಕು. ಇಷ್ಟಕ್ಕೆ ಎರಡು ಮೂರು ನಿಮಿಷ ಹಿಡಿಯುತ್ತದೆ. ಹಳೆಯ ಲಾಗಿನ್ ಇನ್ನೂ ಜೀವಂತವಿದೆ ಎಂದು ಸರ್ವರ್ ತಿಳಿದಿದ್ದರೆ ಇನ್ನೂ ತಡ. ಆನ್‌ಲೈನ್ ಪರೀಕ್ಷೆ ಬರೆಯುತ್ತಿರುವ ಮಗುವಿಗೆ ಆ ಮೂರು ನಿಮಿಷ ಸಣ್ಣದಲ್ಲ.

ವೋಲ್ಟೇಜ್ ಕುಸಿತದ ತೊಂದರೆ ಕರ್ನಾಟಕದ ತೋಟದ ಮನೆಗಳಲ್ಲಿ ಎದ್ದು ಕಾಣುತ್ತದೆ. ನಿರಂತರ ಜ್ಯೋತಿ ಯೋಜನೆಯಲ್ಲಿ ಹಳ್ಳಿಮನೆಗಳ ಲೈನನ್ನು ಪಂಪ್‌ಸೆಟ್ ಲೈನಿನಿಂದ ಬೇರೆ ಮಾಡಲಾಯಿತು, ಆದರೆ ಊರಿಂದ ದೂರದ ಅನೇಕ ಒಂಟಿ ಮನೆಗಳು ಪಂಪ್‌ಸೆಟ್ ಲೈನಿನಲ್ಲೇ ಉಳಿದಿವೆ. 5 ಎಚ್‌ಪಿ ಮೋಟಾರ್ ಓಡುವಾಗ ಸುಮಾರು 7 ಆಂಪಿಯರ್ ಎಳೆದರೆ, ನೇರವಾಗಿ ಚಾಲೂ ಆಗುವ ಕ್ಷಣದಲ್ಲಿ ಅದರ ಐದಾರು ಪಟ್ಟು ಎಳೆಯುತ್ತದೆ. ತ್ರೀಫೇಸ್ ಬಂದ ಕೂಡಲೇ ಒಂದೇ ಟಿಸಿಯ ಆಟೋ ಸ್ಟಾರ್ಟರ್‌ಗಳೆಲ್ಲ ಒಟ್ಟಿಗೆ ಎಚ್ಚೆತ್ತರೆ ಲೈನಿನ ತುದಿಯ ಮನೆಯಲ್ಲಿ ಬಲ್ಬು ಕೆಂಪಗಾಗುತ್ತದೆ. ಬಹುತೇಕ ಅಡಾಪ್ಟರ್‌ಗಳು 100 ವೋಲ್ಟ್‌ವರೆಗೆ ತಾಳಿಕೊಳ್ಳುತ್ತವೆ, ಅದಕ್ಕಿಂತ ಕೆಳಗಿಳಿದರೆ ಕೈಬಿಡುತ್ತವೆ. ಹೀಗಾಗಿ ಕರೆಂಟ್ ಬಂದಾಗ ಎದ್ದ ರೂಟರ್ ಅರ್ಧ ದಾರಿಯಲ್ಲೇ ಮತ್ತೆ ಬೀಳುತ್ತದೆ, ಕೆಲವೊಮ್ಮೆ ಎರಡು ಮೂರು ಸಲ.

ಕೊಳ್ಳುವ ಮೊದಲು ತೊಂದರೆ ಕರೆಂಟಿನದೇ ಎಂದು ಖಾತ್ರಿ ಮಾಡಿಕೊಳ್ಳಬೇಕು. ನೆಟ್ ಹೋದಾಗ ಪೆಟ್ಟಿಗೆಯ ದೀಪಗಳೆಲ್ಲ ಆರಿ ಹೊತ್ತಿಕೊಂಡರೆ, ಅಥವಾ ರೂಟರಿನ ಪುಟದಲ್ಲಿ `Uptime` ಕೆಲವೇ ನಿಮಿಷ ಎಂದು ತೋರಿಸಿದರೆ, ಅದು ಕರೆಂಟಿನ ಕೆಲಸ. ಪವರ್ ದೀಪ ಸ್ಥಿರವಾಗಿದ್ದು `LOS` ಕೆಂಪಗಿದ್ದರೆ ಫೈಬರಿನಲ್ಲಿ ಬೆಳಕೇ ಬರುತ್ತಿಲ್ಲ. ಅದಕ್ಕೆ ಯಾವ ಬ್ಯಾಟರಿಯೂ ಮದ್ದಲ್ಲ.

ಎಷ್ಟು ಹೊತ್ತು ಬರುತ್ತದೆ ಎಂಬ ಲೆಕ್ಕ ಸುಲಭ. ಫೈಬರ್ ಬಾಕ್ಸ್ ಮತ್ತು ರೂಟರ್ ಎರಡರ ಅಡಾಪ್ಟರ್ ಮೇಲೂ 12 ವೋಲ್ಟ್ 1 ಆಂಪಿಯರ್ ಎಂದಿದೆ ಎನ್ನೋಣ. ಅದು ಗರಿಷ್ಠ ಮಿತಿ, ನಿಜವಾಗಿ ಒಂದೊಂದು 6 ವ್ಯಾಟ್‌ನಷ್ಟು ಬಳಸಿದರೆ ಒಟ್ಟು 12 ವ್ಯಾಟ್. ಯುಪಿಎಸ್ ಮೇಲಿನ 10,400 ಎಂಎಎಚ್ ಎಂಬುದು ಸಾಮಾನ್ಯವಾಗಿ 3.7 ವೋಲ್ಟಿನ ಸೆಲ್‌ಗಳ ಲೆಕ್ಕ, 12 ವೋಲ್ಟಿನದಲ್ಲ. ಗುಣಿಸಿದರೆ 38 ವ್ಯಾಟ್-ಅವರ್ ಚಿಲ್ಲರೆ. ವೋಲ್ಟೇಜ್ ಏರಿಸುವಾಗ ಕಳೆದುಹೋಗುವುದನ್ನು ಬಿಟ್ಟರೆ ಕೈಗೆ ಸಿಗುವುದು 32ರ ಆಸುಪಾಸು, ಅಂದರೆ ಎರಡೂವರೆ ಗಂಟೆ. ಎಂಎಎಚ್ ಅನ್ನು 12ರಿಂದಲೇ ಗುಣಿಸಿ ಹತ್ತು ಗಂಟೆ ಎಂದು ಹೇಳುವ ಅಂಗಡಿಯವರ ಮಾತನ್ನು ನಂಬಬಾರದು.

ಜೋಡಿಸುವಾಗ ಆಗುವ ತಪ್ಪುಗಳಲ್ಲಿ ಮೊದಲನೆಯದು ವೋಲ್ಟೇಜಿನದು. 9 ವೋಲ್ಟಿನ ರೂಟರ್‌ಗೆ 12 ವೋಲ್ಟ್ ಕೊಟ್ಟರೆ ಸುಟ್ಟೀತು. ಎರಡನೆಯದು ಹಳೆಯ 1 ಆಂಪಿಯರ್ ಅಡಾಪ್ಟರನ್ನೇ ಯುಪಿಎಸ್‌ಗೆ ಸಿಕ್ಕಿಸುವುದು. ಎರಡು ಪೆಟ್ಟಿಗೆ ನಡೆಸಿ, ಮೇಲೆ ಬ್ಯಾಟರಿಯನ್ನೂ ತುಂಬಲು ಅದಕ್ಕೆ ಶಕ್ತಿ ಸಾಲದು, 2 ಆಂಪಿಯರ್‌ನದು ಬೇಕು. ಪಿನ್ ವಿಷಯದಲ್ಲೂ ಎಚ್ಚರ ಬೇಕು: 2.1 ಮಿಮೀ ಕಡ್ಡಿಗೆ 2.5 ಮಿಮೀ ತೂತಿನ ಪಿನ್ ಹೋಗುತ್ತದೆ, ಆದರೆ ಸಡಿಲವಾಗಿ ಕೂತು, ಮೇಜು ಅಲುಗಿದರೂ ರೂಟರ್ ಆರುತ್ತದೆ. ಎಲ್ಲ ಜೋಡಿಸಿ, ಬ್ಯಾಟರಿ ತುಂಬಿದ ಮೇಲೆ ಗೋಡೆಯ ಸ್ವಿಚ್ಚನ್ನು ಹತ್ತು ಸಲ ಆರಿಸಿ ಹಾಕಿ ನೋಡಬೇಕು. ಒಮ್ಮೆಯಾದರೂ ದೀಪಗಳು ಆರಿ ರೂಟರ್ ಹೊಸದಾಗಿ ಶುರುವಾದರೆ ಆ ಯುಪಿಎಸ್ ಹಿಂದಿರುಗಿಸುವುದೇ ಸರಿ.

ಲಿಥಿಯಂ ಸೆಲ್‌ಗಳಿಗೆ ಬಿಸಿ ಆಗದು. ಮುಚ್ಚಿದ ಕಪಾಟಿನಲ್ಲೋ ರೂಟರಿನ ಬೆನ್ನ ಮೇಲೋ ಇಡದೆ ಗಾಳಿಯಾಡುವ ಕಡೆ ಇಡಬೇಕು. ಪೆಟ್ಟಿಗೆ ಉಬ್ಬಿದ್ದು ಕಂಡರೆ ಆ ದಿನವೇ ತೆಗೆದುಬಿಡಬೇಕು.

ಸಿಡಿಲಿಗೆ ಇದು ರಕ್ಷಣೆಯಲ್ಲ, ಗುಡುಗು ಬಂದಾಗ ಅಡಾಪ್ಟರನ್ನು ಗೋಡೆಯಿಂದ ಕಿತ್ತರೆ ನೆಟ್ ಬ್ಯಾಟರಿಯಲ್ಲಿ ನಡೆಯುತ್ತಿರುತ್ತದೆ. ಕಂಬದ ಮೇಲಿನ ಫೈಬರ್ ಸ್ಪ್ಲಿಟರ್‌ಗೆ ಕರೆಂಟೇ ಬೇಡ, ಆದರೆ ಆಪರೇಟರ್ ಕಡೆಯ ಯಂತ್ರಕ್ಕೆ ಬೇಕು. ಅಲ್ಲಿಯ ಬ್ಯಾಟರಿ ಮುಗಿದರೆ ಮನೆಯಲ್ಲಿ ವೈಫೈ ಇರುತ್ತದೆ, ನೆಟ್ ಇರುವುದಿಲ್ಲ.