ಹಣ ಕಳಿಸುವ ಮುನ್ನ ಪರದೆಯಲ್ಲಿ ಕಾಣುವ ಹೆಸರು, ಟಿಕ್ ಗುರುತು ಎಲ್ಲಿಂದ ಬರುತ್ತವೆ? ಅವು ಏನನ್ನು ಹೇಳುತ್ತವೆ?

‘ಯುಪಿಐ ಪರದೆಯಲ್ಲಿ ಹೆಸರಿನ ಪಕ್ಕ ಟಿಕ್ ಇದ್ದರೆ ಧೈರ್ಯವಾಗಿ ದುಡ್ಡು ಹಾಕಿ. ಅಂಗಡಿ ಬೋರ್ಡಿನ ಹೆಸರು ಬಿಟ್ಟು ಬೇರೆ ಹೆಸರು ಬಂದರೆ ಅದು ಪಕ್ಕಾ ಮೋಸ.’ ಈ ಅರ್ಥದ ಸಂದೇಶಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಲೇ ಇರುತ್ತವೆ. ಎರಡು ಮಾತಿನಲ್ಲೂ ಸ್ವಲ್ಪ ನಿಜವಿದೆ, ಆದರೆ ಎರಡನ್ನೂ ಹಾಗೆಯೇ ನಂಬಿದರೆ ಪೆಟ್ಟು ತಿನ್ನುವ ಸಾಧ್ಯತೆಯೂ ಇದೆ. ಆ ಹೆಸರನ್ನು ಪರದೆಗೆ ತರುವವರು ಯಾರು ಎಂದು ತಿಳಿದರೆ ಯಾವಾಗ ನಂಬಬೇಕು, ಯಾವಾಗ ಕೈ ತಡೆಯಬೇಕು ಎಂಬುದು ಸುಲಭವಾಗುತ್ತದೆ.

ಕ್ಯೂಆರ್ ಕೋಡಿನೊಳಗೆ ಏನಿರುತ್ತದೆ?

ಅಂಗಡಿಯ ಕಟ್ಟೆ ಮೇಲೆ ಅಂಟಿಸಿರುವ ಕ್ಯೂಆರ್ ಚೌಕ ನಮ್ಮ ಕಣ್ಣಿಗೆ ಕಪ್ಪು ಚುಕ್ಕೆಗಳ ರಂಗೋಲಿ. ಫೋನಿಗೆ ಅದು ಒಂದು ಸಾಲಿನ ಬರಹ. ಟಿಫಿನ್ ಸೆಂಟರ್ ಒಂದರ ಕೋಡು ಹೆಚ್ಚುಕಡಿಮೆ ಹೀಗಿರುತ್ತದೆ (ಇದು ಉದಾಹರಣೆಗಾಗಿ ನಾವು ಬರೆದಿದ್ದು):

```
upi://pay?pa=tindi123@bankname&pn=Manjunatha%20Tiffin&cu=INR
```

ಇದರಲ್ಲಿ `pa` ಎಂಬುದು ಹಣ ಹೋಗಬೇಕಾದ ಯುಪಿಐ ವಿಳಾಸ. `pn` ಎಂಬುದು ಹೆಸರು. ಹಣ ಎಲ್ಲಿಗೆ ಹೋಗುತ್ತದೆ ಎಂಬುದನ್ನು ತೀರ್ಮಾನಿಸುವುದು ಮೊದಲನೆಯದು ಮಾತ್ರ. ಹೆಸರಿನ ಜಾಗದಲ್ಲಿ ಕೋಡು ತಯಾರಿಸಿದವರು ಏನು ಬರೆದರೂ ಅದು ಅಲ್ಲಿ ಕೂರುತ್ತದೆ. ಕ್ಯೂಆರ್ ಮಾಡಿಕೊಡುವ ಯಾವುದೋ ವೆಬ್‌ಸೈಟಿನಲ್ಲಿ ಒಬ್ಬ ತನ್ನ ಯುಪಿಐ ವಿಳಾಸ ಹಾಕಿ, ಹೆಸರಿನ ಜಾಗದಲ್ಲಿ ‘ಮಂಜುನಾಥ ಟಿಫಿನ್’ ಎಂದು ಬರೆದು, ಪ್ರಿಂಟ್ ತೆಗೆದು, ರಾತ್ರಿ ಬಂದು ಅಂಗಡಿಯ ಅಸಲಿ ಸ್ಟಿಕ್ಕರ್ ಮೇಲೆ ಅಂಟಿಸಿ ಹೋಗಬಹುದು. ಹಿಂದೆ ಕೆಲವು ಆ್ಯಪ್‌ಗಳು ಕೋಡಿನಲ್ಲಿದ್ದ ಈ ಹೆಸರನ್ನೇ ಪರದೆಯಲ್ಲಿ ತೋರಿಸುತ್ತಿದ್ದವು. ಇನ್ನು ಕೆಲವು, ನಮ್ಮ ಫೋನಿನಲ್ಲಿ ನಾವೇ ಉಳಿಸಿಕೊಂಡ ಹೆಸರನ್ನು ಅಥವಾ ಪಡೆಯುವವರು ಆ್ಯಪ್‌ನಲ್ಲಿ ತಾವೇ ಇಟ್ಟುಕೊಂಡ ಹೆಸರನ್ನು ತೋರಿಸುತ್ತಿದ್ದವು. ಕಳ್ಳನಿಗೆ ಇದಕ್ಕಿಂತ ಅನುಕೂಲ ಬೇರೆ ಬೇಕೆ?

ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ, 2025ರ ಏಪ್ರಿಲ್ 24ರಂದು ಒಂದು ಸುತ್ತೋಲೆ ಹೊರಡಿಸಿ ಇದಕ್ಕೆ ತಡೆ ಹಾಕಿತು. ವ್ಯಕ್ತಿಗಳಿಗೆ ಮತ್ತು ಸಣ್ಣ ವ್ಯಾಪಾರಿಗಳಿಗೆ ಹಣ ಕಳಿಸುವಾಗ ಬ್ಯಾಂಕಿನ ದಾಖಲೆಯಲ್ಲಿರುವ ಹೆಸರನ್ನು ಮಾತ್ರ ತೋರಿಸಬೇಕು, ಕ್ಯೂಆರ್‌ನಿಂದ ತೆಗೆದ ಹೆಸರು, ಬಳಕೆದಾರರು ಬರೆದುಕೊಂಡ ಹೆಸರು ತೋರಿಸಬಾರದು ಎಂದು ಹೇಳಿತು. ಆ್ಯಪ್‌ಗಳಿಗೆ ಕೊಟ್ಟ ಗಡುವು ಅದೇ ವರ್ಷದ ಜೂನ್ 30.

ಪಿನ್ ಒತ್ತುವ ಮುಂಚಿನ ಆ ಎರಡು ಕ್ಷಣ

ನೀವು ಸ್ಕ್ಯಾನ್ ಮಾಡಿದ ಮೇಲೆ ಪರದೆಯಲ್ಲಿ ಒಂದು ಚಕ್ರ ತಿರುಗಿ ನಂತರ ಹೆಸರು ಮೂಡುವುದನ್ನು ಗಮನಿಸಿರಬಹುದು. ಆ ಹೊತ್ತಿನಲ್ಲಿ ನಿಮ್ಮ ಆ್ಯಪ್ ಪರವಾಗಿ ಅದರ ಬ್ಯಾಂಕ್ ಎನ್‌ಪಿಸಿಐಗೆ ಒಂದು ಪ್ರಶ್ನೆ ಕಳಿಸುತ್ತದೆ: ಈ ವಿಳಾಸ ಯಾರದ್ದು? ಎನ್‌ಪಿಸಿಐ ವಿಳಾಸದಲ್ಲಿ `@` ಆದಮೇಲಿನ ಭಾಗ ನೋಡಿ, ಅದು ಯಾವ ಬ್ಯಾಂಕಿನ ವ್ಯವಸ್ಥೆಗೆ ಸೇರಿದ್ದೋ ಅಲ್ಲಿಗೆ ಪ್ರಶ್ನೆಯನ್ನು ದಾಟಿಸುತ್ತದೆ. ಅಲ್ಲಿಂದ ಖಾತೆದಾರರ ಹೆಸರು ಬರುತ್ತದೆ. ಜೊತೆಗೆ ಇದು ವ್ಯಕ್ತಿಯ ಖಾತೆಯೋ ವ್ಯಾಪಾರಿಯ ಖಾತೆಯೋ ಎಂಬ ವಿವರವೂ ಬರುತ್ತದೆ. ಯುಪಿಐ ಭಾಷೆಯಲ್ಲಿ ಇದಕ್ಕೆ ವಿಳಾಸ ಪರಿಶೀಲನೆ ಎನ್ನುತ್ತಾರೆ. ಇಲ್ಲಿ ಹಣದ ಸುದ್ದಿಯೇ ಇಲ್ಲ, ಆದ್ದರಿಂದಲೇ ಪಿನ್ ಕೇಳುವುದಿಲ್ಲ.

ಈಗ ಅದೇ ಟಿಫಿನ್ ಸೆಂಟರ್‌ಗೆ ಬನ್ನಿ. ಎರಡು ಇಡ್ಲಿ ಒಂದು ವಡೆ ತಿಂದು ಸ್ಕ್ಯಾನ್ ಮಾಡಿದಿರಿ. ಬೋರ್ಡಿನಲ್ಲಿ ಮಂಜುನಾಥ ಟಿಫಿನ್, ಪರದೆಯಲ್ಲಿ ಯಾರೋ ಹೆಂಗಸಿನ ಹೆಸರು. ಇದು ಮೋಸವೇ ಆಗಿರಬೇಕಿಲ್ಲ. ಸಣ್ಣ ಅಂಗಡಿಗಳವರು ಹಲವೊಮ್ಮೆ ತಮ್ಮ ಉಳಿತಾಯ ಖಾತೆಗೋ ಮನೆಯವರ ಖಾತೆಗೋ ಕೋಡು ಮಾಡಿಸಿಕೊಂಡಿರುತ್ತಾರೆ. ಬ್ಯಾಂಕಿನಲ್ಲಿ ಆ ಖಾತೆ ಮಾಲೀಕರ ಹೆಂಡತಿಯ ಹೆಸರಲ್ಲಿದ್ದರೆ ಪರದೆ ಆ ಹೆಸರನ್ನೇ ತೋರಿಸಬೇಕು, ಹೊಸ ನಿಯಮ ಹೇಳುವುದೇ ಅದನ್ನು. ದೊಡ್ಡ ಕಂಪನಿಗಳಲ್ಲೂ ಹೀಗಾಗುತ್ತದೆ. ಜೊಮಾಟೊ ಆ್ಯಪ್ ನಡೆಸುವ ಕಂಪನಿಯ ನೋಂದಾಯಿತ ಹೆಸರು 2025ರಿಂದ ಎಟರ್ನಲ್ ಎಂದಾಗಿದೆ. ಬ್ರ್ಯಾಂಡ್ ಹೆಸರು ಒಂದು, ಕಾಗದದ ಹೆಸರು ಇನ್ನೊಂದು.

ಅನುಮಾನ ಬಂದರೆ ಮಾಡಬೇಕಾದ್ದು ಬಹಳ ಸರಳ. ಪರದೆಯ ಹೆಸರನ್ನು ನೀವು ಹೇಳಬೇಡಿ. ‘ಯಜಮಾನ್ರೇ, ಯಾವ ಹೆಸರು ಬರಬೇಕು?’ ಎಂದು ಅವರನ್ನೇ ಕೇಳಿ. ಅವರು ಹೇಳಿದ ಹೆಸರೂ ಪರದೆಯ ಹೆಸರೂ ಒಂದೇ ಆದರೆ ಪಿನ್ ಒತ್ತಿ. ಬೇರೆಯಾದರೆ ಅವರ ಸ್ಟಿಕ್ಕರ್ ಮೇಲೆ ಯಾರೋ ಇನ್ನೊಂದನ್ನು ಅಂಟಿಸಿದ್ದಾರೇನೋ ನೋಡಲು ಹೇಳಿ. ಫೋನಿನಲ್ಲಿ ಮಾತಾಡುತ್ತಿರುವ ಅಪರಿಚಿತರ ವಿಷಯದಲ್ಲಂತೂ ಹೆಸರನ್ನು ನೀವಾಗಿ ಹೇಳಲೇಬಾರದು. ನೀವು ಯಾವ ಹೆಸರು ಹೇಳಿದರೂ ‘ಹೌದು ಸಾರ್, ಅವರು ನಮ್ಮ ಅಕೌಂಟೆಂಟ್’ ಎನ್ನುವ ಉತ್ತರ ಅವರ ಬಾಯಲ್ಲಿ ಸಿದ್ಧವಾಗಿರುತ್ತದೆ.

ಟಿಕ್ ಯಾವುದಕ್ಕೆ ಸಾಕ್ಷಿ?

ಹೆಸರಿನ ಪಕ್ಕದ ಟಿಕ್ ಅಥವಾ ಗುರಾಣಿಯಂಥ ಚಿತ್ರ ಒಂದೊಂದು ಆ್ಯಪ್‌ನಲ್ಲಿ ಒಂದೊಂದು ಥರ ಇರುತ್ತದೆ. ಕೆಲವು ಕಡೆ `Banking Name` ಎಂಬ ಮಾತು ಜೊತೆಗಿರುತ್ತದೆ. ವ್ಯಕ್ತಿಯ ಹೆಸರಿನ ಮುಂದೆ ಅದು ಬಂದರೆ, ಈ ಹೆಸರು ಬ್ಯಾಂಕಿನಿಂದ ಬಂದದ್ದು ಎಂದಷ್ಟೇ ಅರ್ಥ. ವ್ಯಾಪಾರಿಯ ಹೆಸರಿನ ಮುಂದೆ ಬಂದರೆ, ಬ್ಯಾಂಕೋ ಪಾವತಿ ಕಂಪನಿಯೋ ಅವರ ಗುರುತಿನ ದಾಖಲೆಗಳನ್ನು ಪಡೆದು, ವ್ಯಾಪಾರದ ಬಗೆಗೆ ತಕ್ಕ ನಾಲ್ಕಂಕಿಯ ಸಂಕೇತ ಕೊಟ್ಟು ಸೇರಿಸಿಕೊಂಡಿದೆ ಎಂದು ಅರ್ಥ. ದಿನಸಿ ಅಂಗಡಿಗೆ 5411, ಹೋಟೆಲಿಗೆ 5812, ಹೀಗೆ.

ಅವರು ಮಾರುವ ಮಾಲು ಒಳ್ಳೆಯದು, ಅವರು ಕೊಟ್ಟ ಮಾತು ಉಳಿಸಿಕೊಳ್ಳುತ್ತಾರೆ ಎಂದು ಆ ಟಿಕ್ ಹೇಳುವುದಿಲ್ಲ. ಇದನ್ನು ಮರೆತವರೇ ಹೆಚ್ಚು ಕಳೆದುಕೊಳ್ಳುವುದು ಷೇರು ಮಾರುಕಟ್ಟೆಯ ಹೆಸರಿನಲ್ಲಿ. ಆಗುವುದು ಹೀಗೆ: ‘ಸ್ಟಾಕ್ ಟಿಪ್ಸ್’ ಕೊಡುವ ಗುಂಪಿಗೆ ನಿಮ್ಮನ್ನು ಸೇರಿಸುತ್ತಾರೆ. ಹೆಸರಾಂತ ಬ್ರೋಕರ್ ಕಂಪನಿಯ ಲೋಗೋ ಇರುವ ಆ್ಯಪ್ ಕೊಡುತ್ತಾರೆ. ಹಣ ಹಾಕಲು ಒಂದು ಯುಪಿಐ ವಿಳಾಸ ಬರುತ್ತದೆ. ಸ್ಕ್ಯಾನ್ ಮಾಡಿದರೆ ಯಾವುದೋ ‘ಟ್ರೇಡರ್ಸ್’ ಅಥವಾ ‘ಎಂಟರ್‌ಪ್ರೈಸಸ್’ ಹೆಸರು, ಪಕ್ಕದಲ್ಲಿ ಟಿಕ್. ಆ ಟಿಕ್ ಸುಳ್ಳಲ್ಲ. ಆ ಹೆಸರಿನ ಖಾತೆ ನಿಜವಾಗಿಯೂ ಇದೆ. ಕಮಿಷನ್ ಆಸೆಗೆ ಯಾರೋ ತನ್ನ ಖಾತೆಯನ್ನು ಬಾಡಿಗೆಗೆ ಕೊಟ್ಟಿರುತ್ತಾನೆ. ಬ್ಯಾಂಕ್ ಕಣ್ಣಿಗೆ ಎಲ್ಲ ಸರಿ, ಹಣ ಮಾತ್ರ ಬ್ರೋಕರಿಗೆ ಹೋಗಿರುವುದಿಲ್ಲ.

ಷೇರು, ಮ್ಯೂಚುವಲ್ ಫಂಡಿಗೆ ಬೇರೆಯದೇ ಗುರುತು

ಸೆಬಿ ಇದಕ್ಕಾಗಿಯೇ ಪ್ರತ್ಯೇಕ ವ್ಯವಸ್ಥೆ ತಂದಿದೆ. 2025ರ ಜೂನ್‌ನಲ್ಲಿ ಸುತ್ತೋಲೆ ಬಂತು, ಅಕ್ಟೋಬರ್ 1ರಿಂದ ಜಾರಿಯಾಯಿತು. ಹೂಡಿಕೆದಾರರಿಂದ ಹಣ ಪಡೆಯುವ ನೋಂದಾಯಿತ ಬ್ರೋಕರ್, ಮ್ಯೂಚುವಲ್ ಫಂಡ್ ಮುಂತಾದವರು ನಿಗದಿತ ರೂಪದ ಯುಪಿಐ ವಿಳಾಸ ಪಡೆಯಬೇಕು. ಅದು `abc.brk@validhdfc` ಎಂಬ ಮಾದರಿಯಲ್ಲಿರುತ್ತದೆ. `brk` ಎಂದರೆ ಬ್ರೋಕರ್, ಮ್ಯೂಚುವಲ್ ಫಂಡ್ ಆದರೆ `mf`. `@valid` ಆದಮೇಲೆ ಬ್ಯಾಂಕಿನ ಹೆಸರು.

ಇದರ ಬಲ ಇರುವುದು `@` ಗುರುತಿನ ಬಲಗಡೆ. ಎಡಗಡೆಯ ಭಾಗವನ್ನು ಸಾಮಾನ್ಯ ಯುಪಿಐ ವಿಳಾಸಗಳಲ್ಲಿ ಬಳಕೆದಾರರೇ ಆರಿಸಿಕೊಳ್ಳಬಹುದು. ಬಲಗಡೆಯದು ಹಾಗಲ್ಲ, ಅದನ್ನು ಎನ್‌ಪಿಸಿಐ ಬ್ಯಾಂಕುಗಳಿಗೆ ಕೊಟ್ಟಿರುತ್ತದೆ. ಹಾಗಾಗಿ `abc.brk.valid@bankname` ಎಂದು ಒಂದು ವಿಳಾಸ ಬಂದರೆ ಅದರಲ್ಲಿ `valid` ಎಂಬ ಪದ ಇದ್ದೂ ಪ್ರಯೋಜನವಿಲ್ಲ. ಪದ ತಪ್ಪು ಕಡೆ ಕೂತಿದೆ.

ಸರಿಯಾದ ವಿಳಾಸಕ್ಕೆ ಹಣ ಕಳಿಸಲು ಹೋದಾಗ ದೃಢೀಕರಣದ ಪರದೆಯಲ್ಲಿ ಹಸಿರು ತ್ರಿಕೋನ, ಅದರೊಳಗೆ ಬಿಳಿ ಹೆಬ್ಬೆರಳು ಕಾಣುತ್ತದೆ. ಇವರ ಕ್ಯೂಆರ್ ಕೋಡಿನ ನಡುವೆಯೂ ಅದೇ ಹೆಬ್ಬೆರಳಿನ ಚಿತ್ರ ಇರುತ್ತದೆ. ಇವೆರಡರಲ್ಲಿ ಲೆಕ್ಕಕ್ಕೆ ಬರುವುದು ಪರದೆಯದ್ದು ಮಾತ್ರ ಎಂಬುದು ನಮ್ಮ ಅಭಿಪ್ರಾಯ. ಕೋಡಿನ ಮೇಲಿನ ಚಿತ್ರವನ್ನು ಯಾರು ಬೇಕಾದರೂ ಅಂಟಿಸಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಬಹುದು, ‘ನೋಡಿ ಸಾರ್ ಹಸಿರು ಗುರುತು’ ಎಂದು ಸ್ಕ್ರೀನ್‌ಶಾಟ್ ಕೂಡ ಕಳಿಸಬಹುದು. ನಿಮ್ಮ ಫೋನಿನಲ್ಲಿ, ನಿಮ್ಮ ಆ್ಯಪ್‌ನಲ್ಲಿ, ಪಿನ್ ಕೇಳುವ ಮುಂಚೆ ಆ ತ್ರಿಕೋನ ಮೂಡುತ್ತದೆಯೇ ಎಂಬುದನ್ನೇ ನೋಡಬೇಕು. ಹಿಂದಿನ ಉದಾಹರಣೆಯ ‘ಟ್ರೇಡರ್ಸ್’ ಖಾತೆಗೆ ಮಾಮೂಲಿ ಟಿಕ್ ಸಿಗಬಹುದು, ಈ ತ್ರಿಕೋನ ಸಿಗುವುದಿಲ್ಲ.

ಇನ್ನೂ ಅನುಮಾನವಿದ್ದರೆ ಸೆಬಿಯ `SEBI Check` ಎಂಬ ಸೌಲಭ್ಯವಿದೆ. ಅದರಲ್ಲಿ ಯುಪಿಐ ವಿಳಾಸ ಬರೆದು ಅಥವಾ ಕ್ಯೂಆರ್ ಸ್ಕ್ಯಾನ್ ಮಾಡಿ ಅದು ನೋಂದಾಯಿತ ಸಂಸ್ಥೆಯದ್ದೇ ಎಂದು ನೋಡಬಹುದು. ಬ್ಯಾಂಕ್ ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿ ಹಾಕಿಯೂ ಪರೀಕ್ಷಿಸಬಹುದು. ಇದು ಮುಖ್ಯ. ಏಕೆಂದರೆ ‘ಯುಪಿಐ ಬೇಡ, ನೇರ ಖಾತೆಗೇ ಹಾಕಿ’ ಎಂದು ವಂಚಕರು ದಾರಿ ಬದಲಿಸಿದರೆ ಹೆಬ್ಬೆರಳಿನ ಗುರುತು ಕಾಣುವ ಮಾತೇ ಇಲ್ಲ.

ಈ ತ್ರಿಕೋನಕ್ಕೂ ಮಿತಿಯಿದೆ. ಹಣ ಸೆಬಿ ಬಳಿ ನೋಂದಾಯಿಸಿಕೊಂಡವರಿಗೇ ಹೋಗುತ್ತಿದೆ ಎಂದು ಅದು ಹೇಳುತ್ತದೆ. ಷೇರು ಏರುತ್ತದೆ, ಫಂಡು ಲಾಭ ಕೊಡುತ್ತದೆ ಎಂದು ಹೇಳುವುದಿಲ್ಲ. ಚೀಟಿ ವ್ಯವಹಾರ, ಕ್ರಿಪ್ಟೊ, ಆನ್‌ಲೈನ್ ಸೀರೆ ಅಂಗಡಿ ಇವಕ್ಕೆ ಈ ಗುರುತು ಅನ್ವಯಿಸುವುದೂ ಇಲ್ಲ. ಸೀರೆ ಅಂಗಡಿಯವರಿಗೆ ಹಸಿರು ತ್ರಿಕೋನ ಬರಲಿಲ್ಲ ಎಂದು ಹೆದರಬೇಕಿಲ್ಲ.

ಹಣ ಹೋಗಿಯೇ ಬಿಟ್ಟರೆ

ಪಿನ್ ಒತ್ತಿದ ಮೇಲೆ ಪರದೆಯ ಹೆಸರು ನೋಡಿ ಬೆಚ್ಚಿದವರು ಮೊದಲು ಮಾಡಬೇಕಾದ್ದು 1930ಕ್ಕೆ ಕರೆ ಅಥವಾ `cybercrime.gov.in`ನಲ್ಲಿ ದೂರು, ಜೊತೆಗೇ ತಮ್ಮ ಬ್ಯಾಂಕಿಗೂ ತಿಳಿಸುವುದು. ಯುಪಿಐ ವಹಿವಾಟಿನ ವಿವರದಲ್ಲಿ 12 ಅಂಕಿಯ ಉಲ್ಲೇಖ ಸಂಖ್ಯೆ ಇರುತ್ತದೆ, ಅದನ್ನು ಕೈಯಲ್ಲಿಟ್ಟುಕೊಂಡು ಕರೆ ಮಾಡಿ. ಹಣ ಆ ಖಾತೆಯಿಂದ ಮುಂದಿನ ಖಾತೆಗೆ ಜಿಗಿಯುವ ಮೊದಲೇ ತಡೆ ಬಿದ್ದರೆ ವಾಪಸ್ ಬರುವ ಸಾಧ್ಯತೆ ಹೆಚ್ಚು. ದೂರು ಕೊಡುವಾಗ ಪರದೆಯಲ್ಲಿ ಬಂದ ಬ್ಯಾಂಕಿನ ಹೆಸರನ್ನೂ `@` ಇರುವ ಪೂರ್ತಿ ವಿಳಾಸವನ್ನೂ ಬರೆಸಿ. ವಂಚಕ ತನ್ನ ಬಗ್ಗೆ ಹೇಳಿಕೊಂಡ ಹೆಸರಿಗಿಂತ ಹಣ ಹೋದ ಖಾತೆಯನ್ನು ಹುಡುಕಲು ಇವೇ ಹೆಚ್ಚು ನೆರವಾಗುತ್ತವೆ.