ವ್ಯಾಕರಣ ಸಿಗದ ಭಾಷೆಗಳು

1891ರಲ್ಲಿ ಜರ್ಮನಿಯ ಹಾಲೆ ನಗರದ ಗಣಿತಜ್ಞ ಗೆಯೊರ್ಗ್ ಕ್ಯಾಂಟರ್ ಕೆಲವೇ ಪುಟಗಳ ಒಂದು ಲೇಖನ ಪ್ರಕಟಿಸಿದ. ಗಣಿತದ ಲೇಖನವಾದರೂ ಅದರ ಮುಖ್ಯ ಪಾತ್ರಧಾರಿಗಳು ಎರಡು ಅಕ್ಷರಗಳು: ಎಮ್ ಮತ್ತು ಡಬ್ಲ್ಯು. ಈ ಎರಡನ್ನೇ ಹಿಂದೆ ಮುಂದೆ ಜೋಡಿಸಿ ಕೊನೆಯೇ ಇಲ್ಲದ ಸಾಲುಗಳನ್ನು ಬರೆಯಬಹುದಷ್ಟೆ. ಅಂಥ ಎಲ್ಲ ಸಾಲುಗಳನ್ನೂ ಒಂದನೆಯದು, ಎರಡನೆಯದು, ಮೂರನೆಯದು ಎಂದು ಪಟ್ಟಿ ಮಾಡಲು ಬರುತ್ತದೆಯೇ? ಬರುವುದಿಲ್ಲ ಎಂದು ಅವನು ತೋರಿಸಿದ. ಪಟ್ಟಿ ಅನಂತವಾಗಿದ್ದರೂ ಸಾಲದು. ಅದರಿಂದ ಹೊರಗುಳಿಯುವ ಸಾಲು ಇದ್ದೇ ಇರುತ್ತದೆ. ಅನಂತಗಳಲ್ಲೂ ಚಿಕ್ಕದು ದೊಡ್ಡದು ಇವೆ ಎಂಬ ಸಂಗತಿಯನ್ನು ಅವನು 1873ರ ಡಿಸೆಂಬರಿನಲ್ಲೇ ಗೆಳೆಯ ಡೆಡೆಕಿಂಡ್‌ಗೆ ಬರೆದ ಪತ್ರದಲ್ಲಿ ಬೇರೊಂದು ದಾರಿಯಿಂದ ಸಾಧಿಸಿದ್ದ. ಆದರೆ ನಮ್ಮ ಕಥೆಗೆ ಬೇಕಾದದ್ದು ಈ ಅಕ್ಷರಗಳ ದಾರಿ.

ಅಕ್ಷರಗಳ ಬದಲು ನಮಗೆ ಪರಿಚಯವಿರುವ ಗುರು, ಲಘುಗಳನ್ನೇ ತೆಗೆದುಕೊಳ್ಳೋಣ. ಗ ಮತ್ತು ಲ, ಎರಡೇ ಅಕ್ಷರಗಳಿರುವ ಒಂದು ವರ್ಣಮಾಲೆ ಇದೆ ಎನ್ನಿ. ಇವುಗಳಿಂದ ಮಾಡಬಹುದಾದ ಪದಗಳೆಲ್ಲವನ್ನೂ ಸಾಲಾಗಿ ನಿಲ್ಲಿಸಬಹುದು. ಮೊದಲು ಒಂದಕ್ಷರದವು: ಗ, ಲ. ಆಮೇಲೆ ಎರಡಕ್ಷರದವು: ಗಗ, ಲಗ, ಗಲ, ಲಲ. ಆಮೇಲೆ ಮೂರಕ್ಷರದ ಎಂಟು. ಛಂದಸ್ಸು ಓದಿದವರಿಗೆ ಇದು ಪ್ರಸ್ತಾರವೆಂದು ಹೊಳೆದಿರುತ್ತದೆ. ಪಿಂಗಳನ ಛಂದಃಶಾಸ್ತ್ರದಲ್ಲಿ ವಿನ್ಯಾಸ ಕೊಟ್ಟರೆ ಅದರ ಕ್ರಮಸಂಖ್ಯೆ ಹೇಳುವ ಉದ್ದಿಷ್ಟವೂ ಇದೆ, ಸಂಖ್ಯೆ ಕೊಟ್ಟರೆ ವಿನ್ಯಾಸ ಹೇಳುವ ನಷ್ಟವೂ ಇದೆ. ಪದಗಳು ಅನಂತವಾದರೂ ಎಣಿಕೆಗೆ ಸಿಗುತ್ತವೆ. ಪ್ರತಿಯೊಂದಕ್ಕೂ ಒಂದು ನಂಬರು ಇದೆ.

ಗಣಿತದ ಮಾತಿನಲ್ಲಿ ‘ಭಾಷೆ’ ಎಂದರೆ ಈ ಸಾಲಿನಿಂದ ಆರಿಸಿಕೊಂಡ ಯಾವುದೇ ಒಂದು ಗುಂಪು. ಅರ್ಥ, ಉಚ್ಚಾರ, ಆಡುವವರು ಯಾವುದೂ ಲೆಕ್ಕಕ್ಕಿಲ್ಲ. ಒಂದು ಭಾಷೆಯನ್ನು ನಿರ್ಧರಿಸುವುದೆಂದರೆ ಸಾಲಿನ ಪ್ರತಿ ಪದದೆದುರು ‘ಹೌದು’ ಅಥವಾ ‘ಇಲ್ಲ’ ಎಂದು ಬರೆಯುತ್ತ ಹೋಗುವುದು. ಹಾಗಾದರೆ ಒಂದು ಭಾಷೆ ಎಂದರೆ ಹೌದು, ಇಲ್ಲಗಳ ಕೊನೆಯಿಲ್ಲದ ಒಂದು ಸಾಲು. ಕ್ಯಾಂಟರನ ಎಮ್ ಮತ್ತು ಡಬ್ಲ್ಯುಗಳ ಸಾಲು ಬೇರೆಯಲ್ಲ, ಇದು ಬೇರೆಯಲ್ಲ.

ಇನ್ನು ಯಂತ್ರದ ಕಡೆಗೆ. 1936ರಲ್ಲಿ ಕೇಂಬ್ರಿಜ್‌ನ ಅಲನ್ ಟ್ಯೂರಿಂಗ್ ಒಂದು ಕಾಲ್ಪನಿಕ ಯಂತ್ರವನ್ನು ವಿವರಿಸಿದ. ಉದ್ದದ ಪಟ್ಟಿಯ ಮೇಲೆ ಒಂದು ಮನೆಯಿಂದ ಪಕ್ಕದ ಮನೆಗೆ ಸರಿಯುತ್ತ, ಓದುತ್ತ, ಬರೆಯುತ್ತ ಹೋಗುವ ಯಂತ್ರ ಅದು. ಅದರ ನಡತೆಯೆಲ್ಲ ನಿಯಮಗಳ ಒಂದು ಸಣ್ಣ ಕೋಷ್ಟಕದಲ್ಲಿರುತ್ತದೆ. ಆ ಕೋಷ್ಟಕವನ್ನು ಏಳೇ ಚಿಹ್ನೆಗಳಲ್ಲಿ ಬರೆಯಬಹುದೆಂದು ತೋರಿಸಿ, ಅವಕ್ಕೆ 1ರಿಂದ 7ರವರೆಗಿನ ಅಂಕಿಗಳನ್ನು ಕೊಟ್ಟ. ಸೊನ್ನೆ ಮತ್ತು ಒಂದನ್ನು ಒಂದಾದಮೇಲೊಂದು ಅಚ್ಚಿಸುತ್ತಲೇ ಇರುವ ಅವನ ಪುಟ್ಟ ಯಂತ್ರ ಹೀಗೆ 47 ಅಂಕಿಗಳ ಒಂದು ಸಂಖ್ಯೆಯಾಯಿತು:

31332531173113353111731113322531111731111335317

ಇದೊಂದು ಗುಮಾಸ್ತಿಕೆಯ ಕೆಲಸದಂತೆ ಕಂಡೀತು. ಆದರೆ ವಾದದ ಅರ್ಧ ಭಾರ ಇದರ ಮೇಲೇ ನಿಂತಿದೆ. ಪ್ರತಿ ಯಂತ್ರವೂ ಒಂದು ಪೂರ್ಣಸಂಖ್ಯೆಯಾದರೆ ಎಲ್ಲ ಯಂತ್ರಗಳನ್ನೂ ಚಿಕ್ಕ ಸಂಖ್ಯೆಯಿಂದ ದೊಡ್ಡದಕ್ಕೆ ಪಟ್ಟಿ ಮಾಡಬಹುದು. ವ್ಯಾಕರಣಗಳ ಮಾತೂ ಅಷ್ಟೇ. ಯಾವ ನಿರ್ಬಂಧವೂ ಇಲ್ಲದ ಬದಲಾವಣೆ ಸೂತ್ರಗಳ ವ್ಯಾಕರಣ ಹುಟ್ಟಿಸಬಲ್ಲ ಭಾಷೆಗಳು ಮತ್ತು ಟ್ಯೂರಿಂಗ್ ಯಂತ್ರ ಗುರುತಿಸಬಲ್ಲ ಭಾಷೆಗಳು ಒಂದೇ ಎಂಬುದು ನೋಮ್ ಚಾಮ್‌ಸ್ಕಿಯ 1959ರ ಲೇಖನದಲ್ಲಿ ಬರುತ್ತದೆ. ವ್ಯಾಕರಣವೂ ಕೊನೆಯುಳ್ಳ ಒಂದು ಬರಹವೇ ತಾನೆ.

ಈಗ ಎರಡನ್ನೂ ಎದುರುಬದುರು ಕೂರಿಸೋಣ. ಯಂತ್ರಗಳ ಪಟ್ಟಿಯಲ್ಲಿ ಮೊದಲನೆಯದು ಗ-ದಿಂದ ಶುರುವಾಗುವ ಪದಗಳ ಭಾಷೆಯನ್ನು ಗುರುತಿಸುತ್ತದೆ ಎಂದಿಟ್ಟುಕೊಳ್ಳಿ. ಎರಡನೆಯದು ಸಮಸಂಖ್ಯೆಯ ಅಕ್ಷರಗಳಿರುವ ಪದಗಳದ್ದು, ಮೂರನೆಯದು ಲ ಇಲ್ಲದ ಪದಗಳದ್ದು. ಮೊದಲ ಯಂತ್ರವನ್ನು ಮೊದಲ ಪದದ ಬಗ್ಗೆ ಕೇಳಿ. ‘ಗ’ ನಿನ್ನದೇ? ಹೌದು. ನಾವು ಇಲ್ಲ ಎಂದು ಬರೆದುಕೊಳ್ಳೋಣ. ಎರಡನೆಯದನ್ನು ಎರಡನೆಯ ಪದ ‘ಲ’ ಬಗ್ಗೆ ಕೇಳಿ. ಅದರದ್ದಲ್ಲ, ಆದ್ದರಿಂದ ನಮ್ಮದು ಹೌದು. ಮೂರನೆಯದು ‘ಗಗ’ ತನ್ನದೆನ್ನುತ್ತದೆ, ನಮ್ಮದು ಇಲ್ಲ. ಹೀಗೇ ಮುಂದುವರಿದರೆ ನಮ್ಮ ಕೈಗೆ ಒಂದು ಭಾಷೆ ಬರುತ್ತದೆ. ಅದು ಮೊದಲ ಯಂತ್ರದ ಭಾಷೆಯಲ್ಲ, ‘ಗ’ ವಿಷಯದಲ್ಲಿ ಜಗಳವಿದೆ. ಎರಡನೆಯದರದ್ದೂ ಅಲ್ಲ, ‘ಲ’ ವಿಷಯದಲ್ಲಿ ಜಗಳವಿದೆ. ನೂರನೆಯ ಯಂತ್ರದೊಡನೆ ನೂರನೆಯ ಪದದಲ್ಲಿ ಜಗಳ. ಪಟ್ಟಿಯ ಯಾವ ಯಂತ್ರದ್ದೂ ಅಲ್ಲದ ಭಾಷೆ ಇದು.

ತರಗತಿಗಳಲ್ಲಿ ಇಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ. ಬಿಟ್ಟುಹೋದ ಆ ಒಂದನ್ನು ಪಟ್ಟಿಯ ತಲೆಗೆ ಸೇರಿಸಿದರಾಯಿತಲ್ಲ? ಸೇರಿಸಿ ನೋಡಿ. ಹೊಸ ಪಟ್ಟಿಗೂ ಅದೇ ಉಪಾಯ ಮಾಡಿದರೆ ಇನ್ನೊಂದು ಹೊರಗುಳಿಯುತ್ತದೆ. ಆದರೆ ಒಂದೊಂದೇ ಹೊರಗುಳಿಯುತ್ತದೆ ಎಂದಷ್ಟೇ ತಿಳಿದರೆ ‘ಹೆಚ್ಚಿನ ಭಾಷೆಗಳಿಗೆ’ ಯಂತ್ರವಿಲ್ಲ ಎನ್ನುವ ಮಾತು ಮನಸ್ಸಿಗೆ ಇಳಿಯುವುದಿಲ್ಲ. ಅದಕ್ಕೆ ಒಂದು ನಾಣ್ಯ ಬೇಕು.

ಪ್ರತಿ ಪದಕ್ಕೂ ನಾಣ್ಯ ಚಿಮ್ಮಿ ಹೌದೋ ಇಲ್ಲವೋ ನಿರ್ಧರಿಸುತ್ತ ಒಂದು ಭಾಷೆ ಮಾಡುತ್ತೀರಿ ಎನ್ನಿ. ಅದು ಮೊದಲ ಯಂತ್ರದ ಭಾಷೆಯೇ ಆಗಿಬಿಡಬೇಕಾದರೆ ಕಡೇಪಕ್ಷ ಮೊದಲ 11 ಪದಗಳಲ್ಲಿ ಹೊಂದಬೇಕು. ಅದರ ಸಾಧ್ಯತೆ 2048ರಲ್ಲಿ ಒಂದು. ಎರಡನೆಯದಕ್ಕೆ ಹೊಂದಲು ಮೊದಲ 12 ಪದಗಳಲ್ಲಿ ಹೊಂದಬೇಕೆಂದು ನೋಡಿದರೆ 4096ರಲ್ಲಿ ಒಂದು. ಮೂರನೆಯದಕ್ಕೆ 13 ಪದ, 8192ರಲ್ಲಿ ಒಂದು. ಪ್ರತಿ ಸಲವೂ ಅರ್ಧವಾಗುತ್ತ ಹೋಗುವ ಈ ಅನಂತ ಪಾಲುಗಳನ್ನೆಲ್ಲ ಕೂಡಿಸಿದರೂ 1024ರಲ್ಲಿ ಒಂದನ್ನು ದಾಟುವುದಿಲ್ಲ. 11ರ ಬದಲು 21 ಪದದಿಂದ ಶುರುಮಾಡಿದ್ದರೆ ಸುಮಾರು ಹತ್ತು ಲಕ್ಷದಲ್ಲಿ ಒಂದು. ಎಲ್ಲಿಂದ ಬೇಕಾದರೂ ಶುರುಮಾಡಬಹುದಾದ್ದರಿಂದ ನಿಜವಾದ ಸಾಧ್ಯತೆ ಸೊನ್ನೆಯೇ. ಎಲ್ಲ ಯಂತ್ರಗಳು, ಎಲ್ಲ ವ್ಯಾಕರಣಗಳು ಒಟ್ಟು ಸೇರಿ ಭಾಷೆಗಳ ಜಗತ್ತಿನಲ್ಲಿ ಆಕ್ರಮಿಸುವ ಜಾಗ ಅಷ್ಟು.

ಇದರಿಂದ ಕನ್ನಡಕ್ಕೆ ವ್ಯಾಕರಣವಿಲ್ಲ ಎಂದು ಯಾರೂ ಗಾಬರಿಯಾಗಬೇಕಿಲ್ಲ. ಲೆಕ್ಕವು ಒಂದೊಂದು ಭಾಷೆಯ ಬಗ್ಗೆ ಏನನ್ನೂ ಹೇಳುವುದಿಲ್ಲ, ರಾಶಿಯ ಬಗ್ಗೆ ಹೇಳುತ್ತದೆ. ಪದಗಳು ಇಷ್ಟೇ ಎಂದು ಮುಗಿಯುವ ಭಾಷೆಗೆ ಆ ಪಟ್ಟಿಯೇ ವ್ಯಾಕರಣ. ವ್ಯಾಕರಣವಿಲ್ಲದ ಭಾಷೆಗಳು ಅನಂತ ಪದಗಳುಳ್ಳವು ಮತ್ತು ಬಹುಪಾಲು ಗೊತ್ತುಗುರಿಯಿಲ್ಲದ ಹೌದು-ಇಲ್ಲಗಳ ಕಲಸುಮೇಲೋಗರ. ಹೆಚ್ಚು ಸ್ಮರಣೆಯ ಕಂಪ್ಯೂಟರು ಬಂದರೆ ಪರಿಹಾರವಾದೀತು ಎಂಬ ಆಸೆಯೂ ಬೇಡ. ಕೊನೆಯುಳ್ಳ ಬರಹದಲ್ಲಿ ವಿವರಿಸಬಹುದಾದ ಯಾವ ಸಾಧನ ತಂದರೂ ಅವುಗಳ ಪಟ್ಟಿಯಾಗುತ್ತದೆ, ಪಟ್ಟಿಯಾದ ಕೂಡಲೇ ಕ್ಯಾಂಟರ್ ಬಾಗಿಲಲ್ಲಿರುತ್ತಾನೆ.

ನನಗೆ ಇದರಲ್ಲಿ ಅತಿ ವಿಚಿತ್ರವಾಗಿ ಕಾಣುವುದು ಕಲಸುಮೇಲೋಗರದ ಭಾಷೆಗಳಲ್ಲ, ನಾವು ಮೇಲೆ ಕಟ್ಟಿದ ಆ ಜಗಳಗಂಟಿ ಭಾಷೆ. ಅದು ಗೊತ್ತುಗುರಿಯಿಲ್ಲದ್ದಲ್ಲ. ‘ಎಷ್ಟನೆಯ ಯಂತ್ರವೋ ಅಷ್ಟನೆಯ ಪದವನ್ನು ಆ ಯಂತ್ರ ಒಪ್ಪದಿದ್ದರೆ ಆ ಪದ ನಮ್ಮದು’ ಎಂದು ಕನ್ನಡದ ಒಂದೇ ವಾಕ್ಯದಲ್ಲಿ ಅದನ್ನು ಹೇಳಿ ಮುಗಿಸಬಹುದು. ಯಂತ್ರಗಳ ಪಟ್ಟಿಯನ್ನು ಯಂತ್ರವೇ ಮಾಡಬಲ್ಲದು. ಹಾಗಿದ್ದರೂ ಅದಕ್ಕೆ ವ್ಯಾಕರಣವೇಕಿಲ್ಲ? ಎಡವುವ ಜಾಗ ‘ಒಪ್ಪದಿದ್ದರೆ’ ಎಂಬ ಪದ. ಒಪ್ಪಿದ ಯಂತ್ರ ಎಂದೋ ಒಂದು ದಿನ ನಿಂತು ಹೌದೆನ್ನುತ್ತದೆ. ಒಪ್ಪದ ಯಂತ್ರಗಳಲ್ಲಿ ಕೆಲವು ಇಲ್ಲ ಎಂದು ಹೇಳುವುದೂ ಇಲ್ಲ, ಸುಮ್ಮನೆ ಓಡುತ್ತಲೇ ಇರುತ್ತವೆ. ಮುಂದೆ ನಿಂತು ಕಾಯುವವನಿಗೆ ಅದು ನಾಳೆ ಹೌದೆನ್ನಲಿರುವ ಯಂತ್ರವೋ, ಎಂದೂ ಏನೂ ಹೇಳದ ಯಂತ್ರವೋ ತಿಳಿಯುವ ಸಾರ್ವತ್ರಿಕ ವಿಧಾನವಿಲ್ಲ.