ಪಿಐಎಂ ಸ್ಪಾರ್ಸ್ ಮೋಡ್

ಪಿಐಎಂ ಸ್ಪಾರ್ಸ್ ಮೋಡ್ ಎಂಬುದು ಮಲ್ಟಿಕಾಸ್ಟ್ ದತ್ತಾಂಶವನ್ನು ಒಂದು ಜಾಲದಿಂದ ಮತ್ತೊಂದಕ್ಕೆ, ಕೇಳಿದ ಕಡೆಗೆ ಮಾತ್ರ, ಸಾಗಿಸುವ ಮಾರ್ಗನಿರ್ಣಯ ನಿಯಮಾವಳಿ. ಇದರ ಈಗಿನ ಆವೃತ್ತಿಯು 2016ರಲ್ಲಿ ಆರ್‌ಎಫ್‌ಸಿ 7761 ಎಂಬ ದಾಖಲೆಯಾಗಿ ಪ್ರಕಟವಾಯಿತು. ಒಂದೇ ಸಂಸ್ಥೆಯೊಳಗಿನ ಬೇರೆ ಬೇರೆ ವಿಲ್ಯಾನ್‌ಗಳ ನಡುವೆ ಮಲ್ಟಿಕಾಸ್ಟ್ ಹರಿಯಬೇಕಾದಾಗ ಮೂರನೇ ಸ್ತರದ ಸ್ವಿಚ್‌ಗಳಲ್ಲಿ ಇದನ್ನು ಬಳಸುತ್ತಾರೆ.

== ಅಗತ್ಯ ==

ಮಲ್ಟಿಕಾಸ್ಟ್ ಪ್ಯಾಕೆಟ್ಟು ಒಬ್ಬ ಗ್ರಾಹಕನ ವಿಳಾಸಕ್ಕಲ್ಲ, 239.1.1.1ರಂತಹ ಗುಂಪಿನ ವಿಳಾಸಕ್ಕೆ ಹೊರಡುತ್ತದೆ. ಅದು ತನ್ನ ವಿಲ್ಯಾನ್‌ನ ಗಡಿಯನ್ನು ತಾನಾಗಿ ದಾಟುವುದಿಲ್ಲ. ಗ್ರಾಹಕ ಗಣಕವು ಐಜಿಎಂಪಿ ಸಂದೇಶದ ಮೂಲಕ ಗುಂಪನ್ನು ಸೇರುತ್ತದೆ. ಆದರೆ ಆ ಸಂದೇಶ ಹತ್ತಿರದ ಸ್ವಿಚ್ಚಿಗಷ್ಟೇ ತಲುಪುತ್ತದೆ. ಮೂಲವು ಎಲ್ಲಿದೆ ಎಂಬುದು ಆ ಸ್ವಿಚ್ಚಿಗೆ ತಿಳಿದಿರುವುದಿಲ್ಲ. ಕೇಳುವವರೂ ಕಳುಹಿಸುವವರೂ ಮೊದಲ ಬಾರಿ ಸಂಧಿಸುವ ಗೊತ್ತಾದ ಸ್ಥಾನವೇ ರಾಂಡೆವೂ ಪಾಯಿಂಟ್. ಇದನ್ನು ಸಂಕ್ಷೇಪವಾಗಿ ಆರ್‌ಪಿ ಎನ್ನುತ್ತಾರೆ.

== ಕಾರ್ಯವಿಧಾನ ==

ಒಂದು ಕಾಲೇಜಿನ ಜಾಲವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಸಭಾಂಗಣದ ಸ್ವಿಚ್ 'ಅ', ತರಗತಿಗಳ ಸ್ವಿಚ್ 'ಬ'. ಎರಡೂ ಕೇಂದ್ರ ಸ್ವಿಚ್ 'ಕ'ಗೆ ಜೋಡಣೆಯಾಗಿವೆ. ಉಪನ್ಯಾಸದ ವೀಡಿಯೊ ಕಳುಹಿಸುವ ಗಣಕ (10.1.10.5) 'ಅ'ದ ವಿಲ್ಯಾನ್ 10ರಲ್ಲಿದೆ. ನೋಡುವವರು 'ಬ'ದ ವಿಲ್ಯಾನ್ 20ರಲ್ಲಿದ್ದಾರೆ. ಆರ್‌ಪಿ 'ಕ'ದಲ್ಲಿದೆ.

ವಿದ್ಯಾರ್ಥಿಯೊಬ್ಬನು ವೀಡಿಯೊ ತೆರೆದಾಗ 'ಬ' ಆರ್‌ಪಿಯ ದಿಕ್ಕಿಗೆ ಸೇರ್ಪಡೆಯ ಸಂದೇಶ ಕಳುಹಿಸುತ್ತದೆ. ಇದರಿಂದ `(*, 239.1.1.1)` ಎಂಬ ಹಂಚಿಕೆಯ ವೃಕ್ಷ ಸಿದ್ಧವಾಗುತ್ತದೆ. ಇಲ್ಲಿ ನಕ್ಷತ್ರ ಚಿಹ್ನೆಗೆ 'ಯಾವುದೇ ಮೂಲ' ಎಂದರ್ಥ. ಅತ್ತ ವೀಡಿಯೊದ ಮೊದಲ ಪ್ಯಾಕೆಟ್ಟು ಬಂದೊಡನೆ 'ಅ' ಅದನ್ನು ರಿಜಿಸ್ಟರ್ ಸಂದೇಶದೊಳಗೆ ಇಟ್ಟು ನೇರವಾಗಿ ಆರ್‌ಪಿಗೆ ಕಳುಹಿಸುತ್ತದೆ. ಆರ್‌ಪಿ ಅದನ್ನು ಬಿಚ್ಚಿ 'ಬ'ಗೆ ಹರಿಯಬಿಡುತ್ತದೆ, ಜೊತೆಗೆ ತಾನೇ ಮೂಲದ ಕಡೆಗೆ ಸೇರ್ಪಡೆ ಕೋರುತ್ತದೆ. ಸಹಜ ರೂಪದ ಪ್ಯಾಕೆಟ್ಟುಗಳು ಬರತೊಡಗಿದ ಮೇಲೆ ರಿಜಿಸ್ಟರ್ ಸಾಕೆಂದು ತಿಳಿಸುತ್ತದೆ. ಮೂಲದ ವಿಳಾಸ ಈಗ 'ಬ'ಗೂ ತಿಳಿದಿರುವುದರಿಂದ ಅದು `(10.1.10.5, 239.1.1.1)` ಎಂಬ ಹ್ರಸ್ವ ಮಾರ್ಗದ ವೃಕ್ಷಕ್ಕೆ ಬದಲಾಗುತ್ತದೆ. ಸಿಸ್ಕೊ ಸ್ವಿಚ್‌ಗಳಲ್ಲಿ ಬೇರೆ ಸೂಚನೆ ಕೊಡದಿದ್ದರೆ ಮೊದಲ ಪ್ಯಾಕೆಟ್ಟಿಗೇ ಈ ಬದಲಾವಣೆ ಆರಂಭವಾಗುತ್ತದೆ.

== ಆರ್‌ಪಿಯ ಸ್ಥಾನ ==

ಹ್ರಸ್ವ ಮಾರ್ಗಕ್ಕೆ ಬದಲಾದ ಮೇಲೆ ವೀಡಿಯೊ ಆರ್‌ಪಿಯ ಮೂಲಕವೇ ಹಾದುಹೋಗಬೇಕೆಂದಿಲ್ಲ. ಆದುದರಿಂದ ಆರ್‌ಪಿಗೆ ಬೇಕಾದ ಮೊದಲ ಗುಣ ಎಲ್ಲರಿಗೂ ಸದಾ ನಿಲುಕುವುದು. ಕೇಂದ್ರ ಸ್ವಿಚ್ಚು ಈ ಕಾರಣಕ್ಕೆ ಸೂಕ್ತ ಸ್ಥಾನ. ವಿಳಾಸವನ್ನು ಯಾವುದಾದರೊಂದು ವಿಲ್ಯಾನ್‌ಗೆ ಕೊಡದೆ ಲೂಪ್‌ಬ್ಯಾಕ್‌ಗೆ ಕೊಡುವುದು ರೂಢಿ. ಏಕೆಂದರೆ ಒಂದು ತಂತಿ ಕಡಿದ ಮಾತ್ರಕ್ಕೆ ಲೂಪ್‌ಬ್ಯಾಕ್ ಅಳಿಯುವುದಿಲ್ಲ. ಹ್ರಸ್ವ ಮಾರ್ಗದ ಬದಲಾವಣೆಯನ್ನು ಉದ್ದೇಶಪೂರ್ವಕವಾಗಿ ತಡೆದ ಜಾಲದಲ್ಲಿ ಮಾತ್ರ ವೀಡಿಯೊವೆಲ್ಲವೂ ಕೊನೆಯವರೆಗೆ ಆರ್‌ಪಿಯ ಮೂಲಕವೇ ಸಾಗುತ್ತದೆ. ಆಗ ಮೂಲೆಯ ಸ್ವಿಚ್ಚನ್ನು ಆರ್‌ಪಿ ಮಾಡಿದರೆ ದಾರಿ ಸುತ್ತುಬಳಸಾಗುತ್ತದೆ.

ಸಿಸ್ಕೊ ಐಒಎಸ್‌ನಲ್ಲಿ 'ಕ' ಸ್ವಿಚ್ಚಿನ ಮುಖ್ಯ ಸಾಲುಗಳು ಹೀಗಿರುತ್ತವೆ:

```
ip multicast-routing
interface Loopback0
 ip address 10.1.255.1 255.255.255.255
 ip pim sparse-mode
ip pim rp-address 10.1.255.1
```

ಮೊದಲ ಮತ್ತು ಕೊನೆಯ ಸಾಲುಗಳು ಮೂರೂ ಸ್ವಿಚ್‌ಗಳಲ್ಲಿ ಇರಬೇಕು. ಕೆಲವು ಮಾದರಿಗಳಲ್ಲಿ ಮೊದಲ ಸಾಲಿಗೆ `distributed` ಎಂಬ ಪದವೂ ಸೇರುತ್ತದೆ. ವಿಲ್ಯಾನ್ 10, ವಿಲ್ಯಾನ್ 20 ಮತ್ತು ಸ್ವಿಚ್‌ಗಳ ನಡುವಿನ ಪ್ರತಿ ಕೊಂಡಿಯಲ್ಲಿಯೂ `ip pim sparse-mode` ಇರಬೇಕು. ಲೂಪ್‌ಬ್ಯಾಕ್‌ನ ವಿಳಾಸಕ್ಕೆ ಸಾಮಾನ್ಯ ಯೂನಿಕಾಸ್ಟ್ ಮಾರ್ಗವೂ ಇರಬೇಕು.

== ದೋಷಗಳು ಮತ್ತು ಪತ್ತೆ ==

'ಬ'ದಲ್ಲಿ `show ip mroute 239.1.1.1` ಆದೇಶ ಕೊಟ್ಟಾಗ ನಕ್ಷತ್ರದ ಸಾಲು ಮಾತ್ರ ಕಂಡರೆ ಕೇಳುವವರಿದ್ದಾರೆ, ಮೂಲದಿಂದ ಏನೂ ತಲುಪಿಲ್ಲ ಎಂದರ್ಥ. ಇದಕ್ಕೆ ಸಾಮಾನ್ಯ ಕಾರಣ ಟಿಟಿಎಲ್. ಅನೇಕ ತಂತ್ರಾಂಶಗಳು ಮಲ್ಟಿಕಾಸ್ಟ್ ಪ್ಯಾಕೆಟ್ಟಿಗೆ ಟಿಟಿಎಲ್ 1 ಎಂದೇ ನಮೂದಿಸುತ್ತವೆ. ಅಂತಹ ಪ್ಯಾಕೆಟ್ಟನ್ನು ಮೊದಲ ಸ್ವಿಚ್ಚೇ ಕೈಬಿಡುತ್ತದೆ. ವೀಡಿಯೊ ವಿಲ್ಯಾನ್ 10ರೊಳಗೆ ಚೆನ್ನಾಗಿ ಕಂಡು, ಹೊರಗೆ ಎಲ್ಲಿಯೂ ಕಾಣದಿದ್ದರೆ ಮೊದಲು ಇದನ್ನು ಪರೀಕ್ಷಿಸಬೇಕು.

ಎರಡನೆಯದು ಆರ್‌ಪಿಎಫ್ ವೈಫಲ್ಯ. ಪ್ಯಾಕೆಟ್ಟು ಬಂದ ದಾರಿ, ಮೂಲಕ್ಕೆ ಹಿಂದಿರುಗುವ ಯೂನಿಕಾಸ್ಟ್ ದಾರಿಯೇ ಆಗಿರಬೇಕು. ಅಲ್ಲವಾದರೆ ಸ್ವಿಚ್ಚು ಅದನ್ನು ತಿರಸ್ಕರಿಸುತ್ತದೆ. ಎರಡು ಕೊಂಡಿಗಳಿದ್ದು ಒಂದರಲ್ಲಿ ಮಾತ್ರ ಪಿಐಎಂ ಹಾಕಿದ್ದಾಗ ಹೀಗಾಗುವುದುಂಟು. `show ip rpf 10.1.10.5` ಆದೇಶವು ನಿರೀಕ್ಷಿತ ದಾರಿಯನ್ನು ತೋರಿಸುತ್ತದೆ. ಆದರೆ ನಕ್ಷತ್ರದ ಸಾಲಿನಲ್ಲಿ ಒಳಬರುವ ದಾರಿ `Null` ಎಂದು ಆರ್‌ಪಿಯಲ್ಲಿಯೇ ಕಂಡರೆ ಅದು ದೋಷವಲ್ಲ. ಆ ವೃಕ್ಷದ ಬೇರು ಅದೇ ಸ್ವಿಚ್ಚು. ಅದೇ ಮಾತು 'ಬ'ದಲ್ಲಿ ಕಂಡರೆ ಆರ್‌ಪಿಗೆ ಮಾರ್ಗವಿಲ್ಲ ಎಂದು ತಿಳಿಯಬೇಕು.

ಆರ್‌ಪಿ ನಿಂತುಹೋದಾಗ, ಅದರ ಮೂಲಕ ಹಾಯದ ಹ್ರಸ್ವ ಮಾರ್ಗದಲ್ಲಿ ಆಗಲೇ ನೋಡುತ್ತಿದ್ದವರಿಗೆ ವೀಡಿಯೊ ಮುಂದುವರಿಯಬಹುದು. ಹೊಸ ಸ್ವಿಚ್ಚಿನಿಂದ ಸೇರಬಯಸುವವರಿಗೆ ಮಾತ್ರ ಏನೂ ಬರುವುದಿಲ್ಲ. ಈ ಅಸಮಾನ ಲಕ್ಷಣವೇ ದೋಷ ಆರ್‌ಪಿಯಲ್ಲಿದೆ ಎಂಬುದರ ಸುಳಿವು.